ಶೇಕಡಾ 60 ಉಳಿದಿದೆ, ಹಾಗಾದರೆ ಮರಕ್ಕೆ ಎಷ್ಟು ವಯಸ್ಸು?

ಹಳೆಯ ಮರದ ತುಂಡೊಂದರಲ್ಲಿ ಕಾರ್ಬನ್-14 ಶೇ. 60ರಷ್ಟು ಉಳಿದಿದೆ ಎಂದು ಯಂತ್ರ ಹೇಳಿತು ಅಂದುಕೊಳ್ಳಿ. ಅರ್ಧ ಕರಗಲು 5,730 ವರ್ಷ ಬೇಕು ಎಂದು ಶಾಲೆಯಲ್ಲೇ ಓದಿರುತ್ತೇವೆ. ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ಆದ್ದರಿಂದ ವಯಸ್ಸು 5,730ಕ್ಕಿಂತ ಕಡಿಮೆ. ಲೆಕ್ಕ ಹಾಕಿದರೆ 4,223 ವರ್ಷ ಬರುತ್ತದೆ. ಇಷ್ಟೇ ಅಲ್ವಾ ಎಂದು ಹಲವರು ಕೇಳುತ್ತಾರೆ. ಇಷ್ಟೇ ಅಲ್ಲ. ಆ ಮರ ನಿಜವಾಗಿ ಬೆಳೆದ ಕಾಲಕ್ಕೂ ಈ ಉತ್ತರಕ್ಕೂ ನೂರಾರು ವರ್ಷಗಳ ಅಂತರ ಇರುತ್ತದೆ. ಆ ಅಂತರ ಎಲ್ಲಿಂದ ಬರುತ್ತದೆ ಎಂದು ಇದೇ ತುಂಡನ್ನು ಹಿಡಿದು ನೋಡೋಣ.

ಮೊದಲು ಪ್ರಯೋಗಾಲಯದ ಲೆಕ್ಕ. ನಾವು ಬಳಸುವ ಸೂತ್ರ ಹೀಗಿದೆ:

t = 8033 × ln(1/F)

ಇಲ್ಲಿ F ಎಂದರೆ ಉಳಿದ ಭಾಗ, ನಮ್ಮ ತುಂಡಿಗೆ 0.60. ಉತ್ತರ 4,103 ವರ್ಷ. ಮೇಲಿನ 4,223 ಅಲ್ಲ. ಕಾರಣ, 8033 ಎಂಬ ಅಂಕಿಯ ಹಿಂದೆ ಇರುವುದು 5,568 ವರ್ಷಗಳ ಹಳೆಯ ಅರ್ಧಾಯು. ಈ ವಿಧಾನವನ್ನು ಕಟ್ಟಿದ ವಿಲರ್ಡ್ ಲಿಬಿ ಅವರ ಕಾಲದ ಅಂಕಿ ಅದು. ಆಮೇಲೆ 5,730 ಹೆಚ್ಚು ಸರಿ ಎಂದು ಗೊತ್ತಾಯಿತು. ಆದರೂ ಹಳೆಯದನ್ನೇ ಉಳಿಸಿಕೊಂಡೆವು, ಏಕೆಂದರೆ ಅಷ್ಟರಲ್ಲಿ ಪ್ರಕಟವಾಗಿದ್ದ ಫಲಿತಾಂಶಗಳನ್ನು ಹೊಸ ಫಲಿತಾಂಶಗಳ ಜೊತೆ ಹೋಲಿಸಿ ನೋಡಬೇಕಿತ್ತು. ಹೀಗೆ ಬರುವ 4,103 ಎಂಬುದನ್ನು 'ರೇಡಿಯೋಕಾರ್ಬನ್ ವಯಸ್ಸು' ಎನ್ನುತ್ತೇವೆ. ಎಣಿಕೆ ಶುರುವಾಗುವುದು 1950ರಿಂದ ಹಿಂದಕ್ಕೆ, ಇವತ್ತಿನಿಂದ ಅಲ್ಲ. ಇದು ಇನ್ನೂ ಕ್ಯಾಲೆಂಡರ್ ವರ್ಷ ಆಗಿಲ್ಲ. ಅಳತೆಯಲ್ಲಿ 0.002ರಷ್ಟು ಅನಿಶ್ಚಿತತೆ ಇದ್ದರೆ ವಯಸ್ಸಿನಲ್ಲಿ ಸುಮಾರು 27 ವರ್ಷ ಆಚೀಚೆ ಆಗುತ್ತದೆ. ಅದನ್ನೂ ಜೊತೆಗೇ ಬರೆಯುತ್ತೇವೆ: 4103 ± 27.

ಇದನ್ನು ನೇರವಾಗಿ ಕಳೆದು ಕ್ರಿ.ಪೂ. 2154 ಎಂದು ಬರೆದುಬಿಡುವ ಆಸೆ ಆಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಸೂತ್ರ ಒಂದು ವಿಷಯವನ್ನು ಸುಮ್ನೆ ನಂಬಿಕೊಂಡಿದೆ. ಮರ ಬದುಕಿದ್ದಾಗ ಗಾಳಿಯಲ್ಲಿದ್ದ ಕಾರ್ಬನ್-14ರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಇತ್ತು ಎಂಬುದೇ ಆ ನಂಬಿಕೆ. ಅದು ನಿಜವಲ್ಲ. ಬಾಹ್ಯಾಕಾಶದಿಂದ ಬರುವ ಕಿರಣಗಳು ಮೇಲಿನ ವಾತಾವರಣದಲ್ಲಿ ಕಾರ್ಬನ್-14 ಹುಟ್ಟಿಸುತ್ತವೆ. ಭೂಮಿಯ ಕಾಂತಶಕ್ತಿ ಕುಗ್ಗಿದಾಗ ಅದು ಹೆಚ್ಚು ಹುಟ್ಟುತ್ತದೆ, ಬಲಗೊಂಡಾಗ ಕಡಿಮೆ. ಸೂರ್ಯನ ಚಟುವಟಿಕೆಯಿಂದಲೂ ಏರಿಳಿತ ಆಗುತ್ತದೆ. ನಮ್ಮ ತುಂಡು ಬೆಳೆದ ಕಾಲದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಿತ್ತು. ಶುರುವಿನಲ್ಲೇ ಜಾಸ್ತಿ ಇದ್ದದ್ದು ಇಂದು ಶೇ. 60ಕ್ಕೆ ಇಳಿಯಲು ಇನ್ನೂ ಹೆಚ್ಚು ಕಾಲ ಬೇಕಾಗಿದೆ. ಅಂದರೆ ಮರ ಲೆಕ್ಕ ಹೇಳುವುದಕ್ಕಿಂತ ಹಳೆಯದು.

ಎಷ್ಟು ಹಳೆಯದು ಎಂದು ತಿಳಿಯಲು ಮರಗಳೇ ಸಹಾಯ ಮಾಡುತ್ತವೆ. ಜರ್ಮನಿ, ಐರ್ಲೆಂಡ್‌ಗಳ ಓಕ್, ಕ್ಯಾಲಿಫೋರ್ನಿಯಾದ ಬ್ರಿಸಲ್‌ಕೋನ್ ಪೈನ್ ಇಂಥ ಮರಗಳ ವರ್ಷದ ಉಂಗುರಗಳನ್ನು ಒಂದಕ್ಕೊಂದು ಹೊಂದಿಸಿ, ಸಾವಿರಾರು ವರ್ಷಗಳ ಸರಪಳಿ ಕಟ್ಟಿದ್ದಾರೆ. ಆ ಉಂಗುರಗಳು ಯಾವ ವರ್ಷದವು ಎಂದು ಎಣಿಕೆಯಿಂದಲೇ ಗೊತ್ತು. ಅವುಗಳಲ್ಲಿ ಉಳಿದ ಕಾರ್ಬನ್-14 ಅಳೆದರೆ ಒಂದು ರೇಖೆ ಸಿಗುತ್ತದೆ. ಉತ್ತರ ಗೋಳಾರ್ಧಕ್ಕೆ ಈಗ ಬಳಸುವುದು ಇಂಟ್‌ಕ್ಯಾಲ್20 ಎಂಬ ರೇಖೆ. ಉಂಗುರಗಳು ಮುಗಿದಲ್ಲಿ ಕೆರೆಯ ಕೆಸರು, ಗುಹೆಯ ಸುಣ್ಣದ ಪದರಗಳಂಥ ಸಾಕ್ಷ್ಯಗಳನ್ನು ಸೇರಿಸಿ ಅದನ್ನು ಸುಮಾರು 55,000 ವರ್ಷ ಹಿಂದಕ್ಕೆ ಒಯ್ದಿದ್ದಾರೆ.

ನಮ್ಮ 4103 ± 27 ಅನ್ನು ಆ ರೇಖೆಯ ಮೇಲಿಟ್ಟರೆ ಉತ್ತರ ಹೆಚ್ಚುಕಮ್ಮಿ ಕ್ರಿ.ಪೂ. 2870ರಿಂದ 2570ರವರೆಗೆ ಹರಡಿಕೊಳ್ಳುತ್ತದೆ, ಅದೂ ಒಂದಕ್ಕಿಂತ ಹೆಚ್ಚು ತುಂಡುಗಳಾಗಿ. ಮೊದಲಿನ 2154ಕ್ಕಿಂತ ಇದು ನಾನೂರು ವರ್ಷಕ್ಕೂ ಜಾಸ್ತಿ ಹಿಂದೆ. 27 ವರ್ಷದ ಅನಿಶ್ಚಿತತೆ ಮುನ್ನೂರು ವರ್ಷ ಹೇಗಾಯಿತು ಎಂದು ಕೇಳಬಹುದು. ಆ ಕಾಲದಲ್ಲಿ ರೇಖೆ ಅಲೆಯಾಡುತ್ತದೆ. ಹಳೆಯ ಉಂಗುರವೊಂದು ಹೆಚ್ಚು ಕಾರ್ಬನ್-14 ಇಟ್ಟುಕೊಂಡು ಹುಟ್ಟಿ ಹೆಚ್ಚು ಕಾಲ ಕರಗಿರುತ್ತದೆ. ಅದರ ನಂತರದ ಉಂಗುರ ಕಡಿಮೆ ಇಟ್ಟುಕೊಂಡು ಹುಟ್ಟಿ ಕಡಿಮೆ ಕಾಲ ಕರಗಿರುತ್ತದೆ. ಇವತ್ತು ಎರಡರಲ್ಲೂ ಉಳಿದಿರುವುದು ಒಂದೇ. ಒಂದೇ ಮಾದರಿ ಕೈಯಲ್ಲಿದ್ದರೆ ಯಂತ್ರವನ್ನು ಎಷ್ಟು ಸುಧಾರಿಸಿದರೂ ಈ ಗೊಂದಲ ಪೂರ್ತಿ ಹೋಗುವುದಿಲ್ಲ.

ಅಳೆಯುವ ಮೊದಲೇ ಹಾಳಾಗುವ ಸಾಧ್ಯತೆಯೂ ಇದೆ. ಮಣ್ಣಿನ ಹ್ಯೂಮಿಕ್ ಆಮ್ಲ, ಬೇರು, ಶಿಲೀಂಧ್ರ ಇವೆಲ್ಲ ಹೊಸ ಕಾರ್ಬನ್ ತಂದು ಸೇರಿಸುತ್ತವೆ. ನಮ್ಮ ತುಂಡಿನ ಕಾರ್ಬನ್‌ನಲ್ಲಿ ಶೇ. 1ರಷ್ಟು ಹೊಸದು ಬೆರೆತರೆ 0.60 ಇದ್ದದ್ದು 0.604 ಆಗುತ್ತದೆ, ವಯಸ್ಸು ಸುಮಾರು 53 ವರ್ಷ ಕಡಿಮೆ ತೋರುತ್ತದೆ. ಅದೇ ಶೇ. 1 ಒಂದು 45,000 ವರ್ಷದ ಮರದಲ್ಲಿ ಬೆರೆತರೆ ಉತ್ತರ ಸುಮಾರು 34,500ಕ್ಕೆ ಕುಸಿಯುತ್ತದೆ. ತುಂಬಾ ಹಳೆಯ ಮರದ ವಿಷಯದಲ್ಲಿ ನಾವು ಅಷ್ಟು ಹೆದರುವುದು ಇದಕ್ಕೇ.

ಸಂಗ್ರಹಾಲಯದ ವಸ್ತುಗಳಲ್ಲಿ ತೊಂದರೆ ಸಾಮಾನ್ಯವಾಗಿ ಇದರ ಉಲ್ಟಾ. ನೀರಿನಲ್ಲಿ ಸಿಕ್ಕ ಮರ ಒಣಗಿ ಮುದುಡದಿರಲಿ ಎಂದು ಅದಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಕುಡಿಸುತ್ತಾರೆ. ಅದು ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದು, ಅದರಲ್ಲಿ ಕಾರ್ಬನ್-14 ಇರುವುದಿಲ್ಲ. ಅಂಥ ಕಾರ್ಬನ್ ಶೇ. 1 ಉಳಿದರೂ ಮರ 80 ವರ್ಷ ಹೆಚ್ಚು ಹಳೆಯದಾಗಿ ಕಾಣುತ್ತದೆ. ಆದ್ದರಿಂದ ವಸ್ತುವಿಗೆ ಯಾವಾಗ, ಏನು ಹಚ್ಚಿದ್ದಾರೆ ಎಂದು ದಾಖಲೆ ಕೇಳದೆ ನಾನು ಮಾದರಿ ತೆಗೆದುಕೊಳ್ಳುವುದಿಲ್ಲ. ಗ್ಲೈಕಾಲ್ ನೀರಿಗೆ ಬಿಡುತ್ತದೆ, ಬಿಸಿ ನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತೇವೆ. ಆಮೇಲೆ ಆಮ್ಲ, ಕ್ಷಾರ, ಮತ್ತೆ ಆಮ್ಲ. ಅನುಮಾನ ಇದ್ದರೆ ಬ್ಲೀಚ್ ಮಾಡಿ ಸೆಲ್ಯುಲೋಸ್ ಮಾತ್ರ ಉಳಿಸಿಕೊಳ್ಳುತ್ತೇವೆ. ಅದೇ ಮರದ ಸೆಲ್ಯುಲೋಸ್‌ನದ್ದೂ, ಅಷ್ಟು ಶುದ್ಧ ಮಾಡದ ಭಾಗದ್ದೂ ಬೇರೆ ಬೇರೆ ಅಳತೆ ತೆಗೆದಾಗ ಉತ್ತರ ಹೊಂದದಿದ್ದರೆ, ಕೊಳೆ ಇನ್ನೂ ಇದೆ ಎಂದೇ ಅರ್ಥ. ಇಷ್ಟೆಲ್ಲ ಮುಗಿದ ಮೇಲೆ ಯಂತ್ರಕ್ಕೆ ಬೇಕಾಗುವುದು ಒಂದು ಮಿಲಿಗ್ರಾಂ ಆಸುಪಾಸಿನ ಕಾರ್ಬನ್ ಮಾತ್ರ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ: ಮಾದರಿ ಮರದ ಯಾವ ಭಾಗದ್ದು? ಬದುಕಿರುವ ಮರದಲ್ಲೂ ಒಳಗಿನ ಉಂಗುರಗಳು ಗಾಳಿಯಿಂದ ಹೊಸ ಕಾರ್ಬನ್ ತೆಗೆದುಕೊಳ್ಳುವುದಿಲ್ಲ. ಪ್ರತಿ ಉಂಗುರದ ಗಡಿಯಾರ ಅದು ಬೆಳೆದ ವರ್ಷವೇ ಶುರುವಾಗುತ್ತದೆ. ಮುನ್ನೂರು ವರ್ಷ ಬಾಳಿದ ಮರದ ನಡುಭಾಗದಿಂದ ಮಾದರಿ ತೆಗೆದರೆ, ಕಡಿದ ದಿನವೇ ಅದು ಮುನ್ನೂರು ವರ್ಷ ಹಳೆಯದು. ಹಳೆಯ ಕಟ್ಟಡದ ತೊಲೆಯನ್ನು ಇನ್ನೊಮ್ಮೆ ಬಳಸಿದ್ದರೆ ಅಂತರ ಮತ್ತೂ ಬೆಳೆಯುತ್ತದೆ. ತೊಗಟೆಯ ಕೆಳಗಿನ ಕೊನೆಯ ಉಂಗುರ ಉಳಿದಿದ್ದರೆ ಮಾತ್ರ ಮರ ಕಡಿದ ಕಾಲ ಸಿಗುತ್ತದೆ.

ಅದಕ್ಕಾಗಿ ನಮ್ಮ ತುಂಡಿನಿಂದ ಒಂದಲ್ಲ, ಮೂರು ಮಾದರಿ ತೆಗೆಯಬೇಕು. ಹೊರಗಿನ ಉಂಗುರ, ಅದರಿಂದ 40 ಉಂಗುರ ಒಳಗೆ, 80 ಉಂಗುರ ಒಳಗೆ. ಇವುಗಳ ನಡುವಿನ ಅಂತರ ಎಣಿಸಿದ್ದೇ ಆದ್ದರಿಂದ ಅದರಲ್ಲಿ ಅನುಮಾನ ಇಲ್ಲ. ಮೂರೂ ಅಳತೆಗಳನ್ನು ಆ ಅಂತರ ಕೆಡದ ಹಾಗೆ ಒಟ್ಟಿಗೆ ರೇಖೆಯ ಮೇಲೆ ಜಾರಿಸುತ್ತಾ ಹೋದರೆ, ಅಲೆಗಳಿಗೆ ಸರಿಯಾಗಿ ಕೂರುವ ಜಾಗಗಳು ಕೆಲವೇ ಇರುತ್ತವೆ. ಮುನ್ನೂರು ವರ್ಷದ ಹರವು ಎಷ್ಟೋ ಸಲ ಕೆಲವು ದಶಕಗಳಿಗೆ ಇಳಿಯುತ್ತದೆ. ಆದರೆ ಬಡಗಿ ಹೊರಭಾಗ ಕೆತ್ತಿ ತೆಗೆದಿದ್ದರೆ ಎಷ್ಟು ಉಂಗುರ ಹೋಯಿತು ಎಂದು ಕಾರ್ಬನ್ ಹೇಳುವುದಿಲ್ಲ. ಆಗ ವರದಿಯಲ್ಲಿ 'ಈ ವಸ್ತು ಈ ಕಾಲಕ್ಕಿಂತ ಮೊದಲಿನದಲ್ಲ' ಎಂದಷ್ಟೇ ಬರೆಯುತ್ತೇನೆ. ಎಷ್ಟು ನಂತರದ್ದು ಎಂಬುದನ್ನು ಅದು ಸಿಕ್ಕ ಪದರದ ಕಾಳು, ಕಡ್ಡಿಗಳಂಥ ಒಂದೇ ವರ್ಷ ಬೆಳೆದ ವಸ್ತುಗಳಿಂದ ಅಳೆಯಬೇಕು.