ಒಂದೇ ಸೊಸೈಟಿ, ಮೂರು ದನಿ

ಮಂಡ್ಯದ ಒಂದು ಪತ್ತಿನ ಸಹಕಾರ ಸಂಘದ ವೆಬ್‌ಸೈಟ್ ತಿದ್ದುವ ಕೆಲಸ ನನಗೆ ಬಂತು. ಒಟ್ಟು 64 ಪುಟ, 12 ವರ್ಷಗಳ ಬರವಣಿಗೆ. ಮೊದಲ ಪುಟಗಳನ್ನು ಬರೆದವರು ಆಗಿನ ಕಾರ್ಯದರ್ಶಿಗಳು. ನಡುವೆ ಒಂದಷ್ಟನ್ನು ಜಾಹೀರಾತು ಬರೆಯುವವರಿಂದ ಬರೆಸಿದ್ದರು. ಈಚಿನವನ್ನು ಕೌಂಟರಿನಲ್ಲಿ ಕೂರುವ ಹುಡುಗ ಬರೆಯುತ್ತಿದ್ದ. ಚಿನ್ನದ ಸಾಲದ ವಿಷಯವೇ ಮೂರು ಕಡೆ ಹೀಗಿತ್ತು:

"ಆಭರಣ ಸಾಲ ಬಯಸುವ ಸದಸ್ಯರು ಗುರುತಿನ ಚೀಟಿಯ ದೃಢೀಕೃತ ಪ್ರತಿಯನ್ನು ಸಲ್ಲಿಸತಕ್ಕದ್ದು. ಅರ್ಜಿಯನ್ನು ಪರಿಶೀಲಿಸಿ ಸಾಲ ಮಂಜೂರು ಮಾಡಲಾಗುವುದು."

"ತಮ್ಮ ಕನಸುಗಳಿಗೆ ಚಿನ್ನದ ರೆಕ್ಕೆ! ಕೇವಲ ನಿಮಿಷಗಳಲ್ಲಿ ಸಾಲ ತಮ್ಮ ಕೈಯಲ್ಲಿ!"

"ಗೋಲ್ಡ್ ಲೋನ್ ಬೇಕಾ? ಆಧಾರ್ ಜೆರಾಕ್ಸ್ ತಗೊಂಡು ಬ್ರಾಂಚಿಗೆ ಬಂದ್ಬಿಡಿ."

ಮೊದಲನೆಯದನ್ನು ಓದಿದವರಿಗೆ ನೋಟಿಸ್ ಬಂದ ಹಾಗಾಗುತ್ತದೆ. ಎರಡನೆಯದನ್ನು ಓದಿದರೆ ಯಾರೋ ಏನೋ ಮಾರಲು ಬಂದಿದ್ದಾರೆ ಅನ್ನಿಸುತ್ತದೆ. ಮೂರನೆಯದು ಪರಿಚಯದ ಹುಡುಗನ ಮಾತು. ಒಡವೆ ಅಡ ಇಡಲು ಬರುವವರು ಮೊದಲೇ ಅಳುಕಿನಲ್ಲಿರುತ್ತಾರೆ. ತಾವು ಯಾರ ಹತ್ತಿರ ಹೋಗುತ್ತಿದ್ದೇವೆ ಅನ್ನೋದೇ ಅವರಿಗೆ ತಿಳಿಯದಿದ್ದರೆ ಹೇಗೆ?

ಇಂಥ ಕೆಲಸ ಹಿಡಿದವರು ಸಾಮಾನ್ಯವಾಗಿ ಪದಗಳಿಂದ ಶುರು ಮಾಡುತ್ತಾರೆ. ಕಷ್ಟದ ಪದ ತೆಗೆದು ಸುಲಭದ ಪದ ಹಾಕುತ್ತಾರೆ. ನಾನೂ ಕೆಲವು ವರ್ಷ ಹಾಗೇ ಮಾಡಿದೆ. ಆದರೆ "ಸಲ್ಲಿಸತಕ್ಕದ್ದು" ಇದ್ದ ಕಡೆ "ಕೊಡತಕ್ಕದ್ದು" ಅಂತ ಹಾಕಿ ನೋಡಿ. ಪದ ಸುಲಭವಾಯಿತು, ದನಿ ಮಾತ್ರ ಇದ್ದಲ್ಲೇ ಇದೆ. ಅದೇ "ಸಲ್ಲಿಸಿ" ಅಂತ ಬರೆಯಿರಿ. ಪದ ಹಳೆಯದೇ, ದನಿ ಬದಲಾಯಿತು. ಕನ್ನಡದಲ್ಲಿ ದನಿ ಜಾಸ್ತಿ ಇರುವುದು ವಾಕ್ಯದ ಕೊನೆಯಲ್ಲಿ. ಆಮೇಲೆ ಓದುಗರನ್ನು ಏನೆಂದು ಕರೆಯುತ್ತೇವೆ, ನಮ್ಮನ್ನು ನಾವು ಏನೆಂದು ಕರೆದುಕೊಳ್ಳುತ್ತೇವೆ ಅನ್ನೋದರಲ್ಲಿ. ಆ ಸೈಟಿನಲ್ಲಿ ಓದುಗರು ಒಂದು ಕಡೆ ಸದಸ್ಯರು, ಒಂದು ಕಡೆ ತಾವು, ಇನ್ನೊಂದು ಕಡೆ ಫ್ರೆಂಡ್ಸ್. ಸಂಘ ಒಂದು ಕಡೆ "ಸಂಘವು", ಇನ್ನೊಂದು ಕಡೆ "ನಾವು". ಈ ಮೂರನ್ನು ಗಟ್ಟಿ ಮಾಡಿಕೊಳ್ಳುವವರೆಗೆ ನಾನು ಒಂದು ಪದವನ್ನೂ ಮುಟ್ಟುವುದಿಲ್ಲ.

ಯಾವ ದನಿ ಬೇಕು ಅನ್ನೋದನ್ನು ಮೈಸೂರಿನಲ್ಲಿ ನನ್ನ ಮೇಜಿನ ಮುಂದೆ ಕೂತು ತೀರ್ಮಾನಿಸಲಿಲ್ಲ. ಮಂಡ್ಯಕ್ಕೆ ಹೋಗಿ ಅರ್ಧ ದಿನ ಕೌಂಟರಿನ ಪಕ್ಕ ಕೂತೆ. ಅಲ್ಲಿನ ಹಿರಿಯ ಗುಮಾಸ್ತೆ ಬಂದವರಿಗೆಲ್ಲ "ಪಹಣಿ ತಂದಿದ್ದೀರಾ? ಇಲ್ಲಿ ಸೈನ್ ಮಾಡಿ, ನಾಳೆ ಬನ್ನಿ" ಅನ್ನುತ್ತಿದ್ದರು. ಮರ್ಯಾದೆಯೂ ಇತ್ತು, ಎಳೆದಾಟವೂ ಇರಲಿಲ್ಲ. ಅದನ್ನೇ ಅಳತೆಗೋಲು ಮಾಡಿಕೊಂಡೆ. ಓದುಗರಿಗೆ "ನೀವು". ಸಂಘಕ್ಕೆ "ನಾವು". ಮಾಡಬೇಕಾದ ಕೆಲಸಕ್ಕೆ "ತನ್ನಿ, ಕೊಡಿ, ಬನ್ನಿ".

ಈಗಿನ ಕಾರ್ಯದರ್ಶಿಗಳಿಗೆ ಇದು ಹಿಡಿಸಲಿಲ್ಲ. "ತಾವು ಅಂದರೆ ಗೌರವ ಅಲ್ವಾ ಮೇಡಂ? ನಮ್ಮ ಸದಸ್ಯರಲ್ಲಿ ವಯಸ್ಸಾದವರೇ ಜಾಸ್ತಿ" ಅಂದರು. ಅವರ ಕಾಳಜಿ ನಿಜವಾದದ್ದು. "ಸರ್, ಕೌಂಟರಿನಲ್ಲಿ ಯಾರಾದರೂ ತಾವು ಅನ್ನುತ್ತಾರಾ?" ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ಸಭೆಯ ಆಹ್ವಾನ ಪತ್ರದಲ್ಲಿ ಮಾತ್ರ ಅದು ಉಳಿಯಲಿ ಅಂದರು. ಉಳಿಸಿದೆವು. ಆಹ್ವಾನ ಪತ್ರಕ್ಕೆ ಅದು ಒಪ್ಪುತ್ತದೆ.

ಆಮೇಲಿನದು ಹುಡುಕುವ ಕೆಲಸ. ಎಲ್ಲ ಪುಟಗಳ ಬರಹವನ್ನು ಒಂದು ಶೀಟಿಗೆ ತಂದು ಹಾಕಿದೆ. ಇಡೀ ಪದ ಹುಡುಕಿದರೆ ಕನ್ನಡದಲ್ಲಿ ಸಿಗುವುದು ಕಡಿಮೆ, ಯಾಕೆಂದರೆ ಪದಗಳು ಅಂಟಿಕೊಂಡಿರುತ್ತವೆ. ಅದಕ್ಕೆ ಬಾಲವನ್ನು ಹುಡುಕಬೇಕು. "ಲಾಗುವುದು" ಅಂತ ಹುಡುಕಿದರೆ ಮಾಡಲಾಗುವುದು, ನೀಡಲಾಗುವುದು, ವಿಧಿಸಲಾಗುವುದು ಎಲ್ಲವೂ ಸಿಗುತ್ತವೆ. "ತಕ್ಕದ್ದು" ಅನ್ನುವುದನ್ನು ಕೆಲವರು "ತಕ್ಕುದು" ಅಂತ ಬರೆಯುತ್ತಾರೆ, ಎರಡನ್ನೂ ನೋಡಬೇಕು. ಹಳೆಯ ಪುಟಗಳಲ್ಲಿ ಇನ್ನೊಂದು ತೊಡಕಿದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಕಣ್ಣಿಗೆ ಕನ್ನಡ ಕಂಡರೂ ಹುಡುಕಾಟಕ್ಕೆ ಸಿಗುವುದಿಲ್ಲ. ಒಳಗಿರುವುದು ಇಂಗ್ಲಿಷ್ ಕೀಲಿಯ ಚಿಹ್ನೆಗಳು. ಅಂಥ ಪುಟಗಳನ್ನು ಮೊದಲು ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ನೋಡಿಕೊಳ್ಳಬೇಕು. ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆಗಳನ್ನಂತೂ ಕಣ್ಣಿನಿಂದಲೇ ಓದಬೇಕು.

ಹುಡುಕಿ ಒಂದೇ ಸಲ ಬದಲಿಸಿಬಿಡುವ ಆಸೆ ಆಗುತ್ತದೆ. ದಯವಿಟ್ಟು ಬೇಡ. "ತಮ್ಮ" ಅನ್ನೋದನ್ನೇ ನೋಡಿ. "ತಮ್ಮ ಕೈಯಲ್ಲಿ ಸಾಲ" ಎಂಬಲ್ಲಿ ಅದು "ನಿಮ್ಮ" ಆಗಬೇಕು. ಆದರೆ "ನಿರ್ದೇಶಕರು ತಮ್ಮ ವರದಿ ಓದಿದರು" ಎಂಬಲ್ಲಿ ಅದು ಅವರದೇ ವರದಿ. ಅಲ್ಲಿ "ನಿಮ್ಮ" ಹಾಕಿದರೆ ವರದಿ ಓದುಗರದ್ದಾಗಿಬಿಡುತ್ತದೆ. ಹಾಗೆಯೇ "ಸದಸ್ಯರು" ತೆಗೆದು "ನೀವು" ಹಾಕಿದರೆ "ಪಡೆಯುತ್ತಾರೆ" ಅನ್ನೋದು "ಪಡೆಯುತ್ತೀರಿ" ಆಗಬೇಕು. ಹುಡುಕಲು ಕಂಪ್ಯೂಟರ್ ಸಾಕು, ತಿದ್ದಲು ಒಂದೊಂದು ವಾಕ್ಯವನ್ನೂ ಓದಲೇಬೇಕು.

ಈ ಕೆಲಸದಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು "ಲಾಗುವುದು" ತಿದ್ದುವ ಹೊತ್ತು. "ಸಾಲ ಮಂಜೂರು ಮಾಡಲಾಗುವುದು" ಎಂಬುದನ್ನು "ನಾವು ಸಾಲ ಕೊಡುತ್ತೇವೆ" ಅಂತ ಬರೆಯಲು ಹೋದ ಕೂಡಲೇ ಪ್ರಶ್ನೆ ಏಳುತ್ತದೆ. ಯಾರು ಕೊಡುತ್ತಾರೆ? ಯಾವಾಗ? ಹಳೆಯ ವಾಕ್ಯದಲ್ಲಿ ಉತ್ತರ ಇರಲೇ ಇಲ್ಲ. "ಕೇವಲ ನಿಮಿಷಗಳಲ್ಲಿ" ಎಂಬುದೂ ನಿಜವಲ್ಲ. ಕೌಂಟರಿನಲ್ಲಿ ಕೇಳಿದೆ. ಒಡವೆ ಪರೀಕ್ಷೆ ಮಾಡುವವರು ಮಧ್ಯಾಹ್ನ 2 ಗಂಟೆಯವರೆಗೆ ಮಾತ್ರ ಇರುತ್ತಾರೆ ಎಂದು ಗೊತ್ತಾಯಿತು. ಅದು 64 ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಹಳ್ಳಿಯಿಂದ ಬಸ್ಸು ಹಿಡಿದು 3 ಗಂಟೆಗೆ ಬಂದವರು ಸುಮ್ನೆ ವಾಪಸ್ ಹೋಗುತ್ತಿದ್ದರು. ಮೂರು ಪುಟಗಳ ಜಾಗದಲ್ಲಿ ಈಗ ಒಂದೇ ಇದೆ:

"ಚಿನ್ನದ ಸಾಲಕ್ಕೆ ಒಡವೆಯ ಜೊತೆ ನಿಮ್ಮ ಆಧಾರ್ ಕಾರ್ಡ್ ಮತ್ತು ಅದರ ಜೆರಾಕ್ಸ್ ತನ್ನಿ. ಮಧ್ಯಾಹ್ನ 2 ಗಂಟೆಯೊಳಗೆ ಬನ್ನಿ. ಒಡವೆ ಪರೀಕ್ಷೆ ಮಾಡುವವರು ಅಲ್ಲಿಯವರೆಗೆ ಇರುತ್ತಾರೆ. ಪರೀಕ್ಷೆಯಾಗಿ ಪತ್ರಗಳು ಸರಿ ಇದ್ದರೆ ಅದೇ ದಿನ ಹಣ ಕೊಡುತ್ತೇವೆ."

"ಜೆರಾಕ್ಸ್" ಹುಡುಗನ ಪುಟದಿಂದ ಬಂತು. ಜನ ಅನ್ನುವುದೇ ಹಾಗೆ.

ಕೆಲವನ್ನು ಮುಟ್ಟಬಾರದು. ಸಂಘದ ಬೈಲಾ ನೋಂದಣಿಯಾದ ದಾಖಲೆ. ಅಲ್ಲಿನ "ತಕ್ಕದ್ದು" ಕಡ್ಡಾಯವನ್ನು ಹೇಳುತ್ತದೆ. ಅದು ಅಕ್ಷರಶಃ ಹಾಗೇ ಇರಬೇಕು. ಅದರ ಮೇಲೆ "ಇದು ನಮ್ಮ ಬೈಲಾ. ಸದಸ್ಯತ್ವದ ನಿಯಮಗಳು ಎರಡನೆಯ ಭಾಗದಲ್ಲಿವೆ" ಎಂದು ನಮ್ಮ ದನಿಯಲ್ಲಿ ಎರಡು ಸಾಲು ಬರೆದೆವು, ಅಷ್ಟೇ. ಹೆಸರು ಹಾಕಿ ಬರೆದ ಅಧ್ಯಕ್ಷರ ಮಾತು ಅವರದೇ ದನಿಯಲ್ಲಿ ಉಳಿಯಿತು. ಹಾಗೆಯೇ ಎಲ್ಲ ಪುಟಗಳೂ ಒಂದೇ ಲವಲವಿಕೆಯಲ್ಲಿ ಇರಬೇಕಿಲ್ಲ. ಕಂತು ಬಾಕಿಯಾದವರಿಗೆ ಇರುವ ಪುಟದಲ್ಲೂ ಅದೇ "ನೀವು", ಅದೇ "ಬನ್ನಿ". ಆದರೆ ಅಲ್ಲಿ ಉತ್ಸಾಹದ ಮಾತು ಒಂದೂ ಇಲ್ಲ. ಯಾರನ್ನು ಕಾಣಬೇಕು, ಯಾವ ಕಾಗದ ತರಬೇಕು ಅಂತ ಮಾತ್ರ ಇದೆ.

ಕೌಂಟರಿನ ಹುಡುಗನಿಗೆ ಒಂದು ಹಾಳೆ ಬರೆದುಕೊಟ್ಟೆ. ಅದರಲ್ಲಿ ನಿಯಮ ಕಡಿಮೆ, ಎಡಕ್ಕೆ ಹಳೆಯ ವಾಕ್ಯ, ಬಲಕ್ಕೆ ಹೊಸದು, ಹೀಗೆ ಹನ್ನೊಂದು ಜೋಡಿ. ಆರು ತಿಂಗಳ ಮೇಲೆ ಮತ್ತೆ ಹುಡುಕಿದೆ. ಅವನು ಬರೆದ ಹೊಸ ಪುಟಗಳಲ್ಲಿ "ಲಾಗುವುದು" ಮೂರು ಕಡೆ ಸಿಕ್ಕಿತು. ಎರಡನ್ನು ಅವನೇ ತಿದ್ದಿದ. ಮೂರನೆಯದು ಬೆಳೆ ಸಾಲದ ಬಡ್ಡಿಯ ಬಗ್ಗೆ ಇತ್ತು. "ಇದನ್ನು ತೀರ್ಮಾನಿಸೋದು ನಾವಲ್ಲ, ಸರ್ಕಾರ ಅಲ್ವಾ ಮೇಡಂ?" ಅಂದ. ಹೌದು. "ಸರ್ಕಾರ ತೀರ್ಮಾನಿಸುತ್ತದೆ" ಅಂತಲೇ ಬರೆದೆವು.