ಈವೆಂಟ್ 41 ಹೇಳುವುದೇನು, ಹೇಳದಿರುವುದೇನು

ಕಲಬುರಗಿಯ ಒಂದು ಸಣ್ಣ ಕಚೇರಿಯಲ್ಲಿ ಮೇ ತಿಂಗಳ ಒಂದೇ ವಾರದಲ್ಲಿ ವಿಂಡೋಸ್ ಸರ್ವರ್ ಮೂರು ಸಲ ತಾನಾಗಿಯೇ ರೀಸ್ಟಾರ್ಟ್ ಆಗಿತ್ತು. ಅಲ್ಲಿನವರು ವೈರಸ್ ಎಂದು ಶಂಕಿಸಿದ್ದರು. ನಾನು ಮೊದಲು, ವಿಂಡೋಸ್ ಪ್ರತಿ ಘಟನೆಯನ್ನೂ ಒಂದು ಈವೆಂಟ್ ಸಂಖ್ಯೆಯೊಂದಿಗೆ ಬರೆದಿಡುವ ಸಿಸ್ಟಮ್ ಲಾಗ್ ತೆರೆದೆ.

```
Get-WinEvent -FilterHashtable @{LogName='System'; Id=41,1001,1074,6006,6008} | Sort-Object TimeCreated
```

ರಾತ್ರಿ ಎರಡು ಗಂಟೆಯ ರೀಸ್ಟಾರ್ಟ್‌ಗೆ 1074 ದಾಖಲೆಯಿತ್ತು. ಯಾವ ಪ್ರೋಗ್ರಾಂ, ಯಾರ ಹೆಸರಿನಲ್ಲಿ, ಯಾವ ಕಾರಣಕ್ಕೆ ರೀಸ್ಟಾರ್ಟ್ ಕೇಳಿತು ಎಂಬುದನ್ನು ಅದು ಬರೆದಿಡುತ್ತದೆ. ಇಲ್ಲಿ ಕೇಳಿದ್ದು ಅಪ್‌ಡೇಟ್. ಅದರ ಬೆನ್ನಿಗೇ ಲಾಗ್ ಸೇವೆ ಕ್ರಮವಾಗಿ ನಿಂತದ್ದನ್ನು ತಿಳಿಸುವ 6006 ಕೂಡ ಇತ್ತು. ಆ ಪ್ರಕರಣ ಅಲ್ಲಿಗೆ ಮುಗಿಯಿತು.

ಉಳಿದ ಎರಡು ಸಲ 1074 ಆಗಲಿ 6006 ಆಗಲಿ ಇರಲಿಲ್ಲ. ಕೆಂಪು ಗುರುತಿನ ಕರ್ನಲ್-ಪವರ್ 41 ಮಾತ್ರ ಇತ್ತು, ಜೊತೆಗೆ ಯಂತ್ರ ಅನಿರೀಕ್ಷಿತವಾಗಿ ನಿಂತದ್ದನ್ನು ತಿಳಿಸುವ 6008. ಹೆಸರಿನಲ್ಲಿ ಪವರ್ ಇರುವುದರಿಂದ ಅನೇಕರು 41 ಅನ್ನು ಕರೆಂಟಿನ ದೋಷವೆಂದೇ ಓದುತ್ತಾರೆ, ಅದು ತಪ್ಪು. ಯಂತ್ರ ಮತ್ತೆ ಎದ್ದ ಮೇಲೆ, ಹಿಂದಿನ ಸಲ ಸರಿಯಾಗಿ ಮುಚ್ಚಿರಲಿಲ್ಲ ಎಂದು ಬರೆಯುವ ಟಿಪ್ಪಣಿಯಷ್ಟೇ ಅದು. ಕಾರಣದ ಸುಳಿವು ಅದರ ವಿವರಗಳಲ್ಲಿರುತ್ತದೆ. ವಿಂಡೋಸ್ ಕುಸಿದಿದ್ದರೆ ಅದರ ಸಂಕೇತ ತುಂಬುವ `BugcheckCode` ಎದುರು 159 ಎಂದಿದ್ದರೆ ಅದನ್ನು ಹದಿನಾರರ ಪದ್ಧತಿಗೆ ತಿರುಗಿಸಿ 0x9F ಎಂದು ಓದಬೇಕು, ಆಗ ಡ್ರೈವರ್‌ಗಳತ್ತ ನೋಡಬೇಕಾಗುತ್ತದೆ. ಇಲ್ಲಿ ಎರಡೂ ಸಲ ಸೊನ್ನೆ. ಪವರ್ ಬಟನ್ ಒತ್ತಿ ಹಿಡಿದರೆ ತುಂಬುವ `PowerButtonTimestamp` ಕೂಡ ಸೊನ್ನೆ. ವಿಂಡೋಸ್ ಕುಸಿದದ್ದನ್ನು ದಾಖಲಿಸುವ 1001 ಇರಲಿಲ್ಲ, ಮೆಮೊರಿ ಡಂಪ್ ಕಡತವೂ ಇರಲಿಲ್ಲ.

ಇಷ್ಟಾದರೂ ಕರೆಂಟೇ ಕಾರಣವೆಂದು ಹೇಳಲಾಗದು. ಯಂತ್ರ ಪೂರ್ತಿ ಸ್ತಬ್ಧಗೊಂಡು ರೀಸೆಟ್ ಆದರೂ, ವಿಪರೀತ ಬಿಸಿಯೇರಿ ಆರಿದರೂ, ಪವರ್ ಸಪ್ಲೈ ಕೈಕೊಟ್ಟರೂ ಸೊನ್ನೆಯೇ ಬರುತ್ತದೆ. ಆದ್ದರಿಂದ ನಿಂತ ಗಳಿಗೆಯನ್ನು ಹುಡುಕಬೇಕಾಯಿತು. ಒಂದು ಸಲ 41 ಬರೆದ ವೇಳೆ ಮಧ್ಯಾಹ್ನ 3:42, ಅದು ಎದ್ದ ಹೊತ್ತು. 6008ರ ಒಕ್ಕಣೆಯಲ್ಲಿದ್ದುದು 3:35. ವಿಂಡೋಸ್ ಆಗಾಗ ಬರೆದಿಡುವ ಕೊನೆಯ ಗುರುತು ಅದು, ಯಂತ್ರ ಆಮೇಲೂ ಕೆಲ ನಿಮಿಷ ಓಡಿರಬಹುದು. ಲೆಕ್ಕದ ತಂತ್ರಾಂಶದಲ್ಲಿ ಕೊನೆಯ ಬಿಲ್ಲು ಉಳಿದದ್ದು 3:38ಕ್ಕೆ. ಹೀಗೆ ಅವಧಿ ನಾಲ್ಕು ನಿಮಿಷಕ್ಕೆ ಇಳಿಯಿತು.

“ಅದೇ ಹೊತ್ತಿಗೆ ಫ್ಯಾನ್ ನಿಂತು ಮತ್ತೆ ತಿರುಗಿತ್ತು ನೋಡ್ರಿ ಸರ್,” ಎಂದರು ಲೆಕ್ಕ ಬರೆಯುವವರು.

ಹಾಗಾದರೆ ಯುಪಿಎಸ್ ಏನು ಮಾಡುತ್ತಿತ್ತು? ಭಾನುವಾರ ಬ್ಯಾಕಪ್ ತೆಗೆದುಕೊಂಡು, ಸರ್ವರ್ ಬದಲು ಅಷ್ಟೇ ಲೋಡಿನ ಬಲ್ಬುಗಳನ್ನು ಅದಕ್ಕೆ ಹಾಕಿ ಗೋಡೆಯ ಪ್ಲಗ್ ಕಿತ್ತೆವು. ಬಲ್ಬುಗಳು ತಕ್ಷಣ ಆರಿದವು. ಸೀಸದ ಬ್ಯಾಟರಿಯ ಆಯಸ್ಸು 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ರೂಢಿಯ ಲೆಕ್ಕ. ಈ ಯುಪಿಎಸ್ ಇದ್ದುದು ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ, ಕಿಟಕಿಯಿಲ್ಲದ ಕೋಣೆಯಲ್ಲಿ. ಬ್ಯಾಟರಿ ಬದಲಿಸಿದ ಮೇಲೆ ಕರೆಂಟ್ ಹೋಗಿ ಬಂದರೂ ಲಾಗ್‌ನಲ್ಲಿ ಹೊಸ 41 ಬಂದಿಲ್ಲ.