ತೆರೆಯ ಮೇಲಿನ ಮಾತುಕತೆ: *99# ಹೇಗೆ ಕೆಲಸ ಮಾಡುತ್ತದೆ?

ಇಂಟರ್ನೆಟ್ ಇಲ್ಲದ ಕೀಪ್ಯಾಡ್ ಫೋನಿನಿಂದ *99# ಒತ್ತಿ ಹಣ ಕಳುಹಿಸುವುದೆಂದರೆ ಬ್ಯಾಂಕಿಗೆ ಒಂದು ಎಸ್‌ಎಂಎಸ್ ಹೋಗುವುದು ಎಂದು ಅನೇಕರು ಭಾವಿಸಿದ್ದಾರೆ. ಇದು ತಪ್ಪು. ಎಸ್‌ಎಂಎಸ್ ಅಂಚೆಯ ಕಾಗದದಂತೆ. ಫೋನು ಸ್ವಿಚ್ ಆಫ್ ಆಗಿದ್ದರೆ ಅದು ಕೇಂದ್ರದಲ್ಲಿ ಕಾದಿದ್ದು ಅನಂತರ ತಲುಪುತ್ತದೆ. *99# ಬಳಸುವ ಯುಎಸ್‌ಎಸ್‌ಡಿ ವ್ಯವಸ್ಥೆಯಲ್ಲಿ ಅಂಥ ದಾಸ್ತಾನು ಇಲ್ಲ. ಕರೆ ಜೋಡಿಸಲು ಫೋನು ಮತ್ತು ಟವರ್ ಬಳಸುವ ಸಂಕೇತಗಳ ಹಾದಿಯಲ್ಲೇ ಇಲ್ಲಿಯ ಪ್ರಶ್ನೋತ್ತರವೂ ನಡೆಯುವುದರಿಂದ ಡೇಟಾ ಪ್ಯಾಕ್ ಬೇಕಾಗುವುದಿಲ್ಲ. ಆದರೆ ಸಂಪರ್ಕ ಕಡಿದರೆ ಆ ಮಾತುಕತೆ ಅಲ್ಲಿಗೇ ಮುಗಿಯುತ್ತದೆ.

ತೆರೆಯ ಮೇಲೆ ಮೂಡುವ ಪಟ್ಟಿಯೂ ಫೋನಿನಲ್ಲಿ ಇರುವುದಲ್ಲ, ಪ್ರತಿ ಹಂತದಲ್ಲಿ ಹೊರಗಿನಿಂದ ಬರುತ್ತದೆ. ಒಂದು ಸಲಕ್ಕೆ ಬರಬಹುದಾದದ್ದು 160 ಬೈಟ್, ಅಂದರೆ 1,280 ಬಿಟ್ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಏಳೇ ಬಿಟ್ ಸಾಕಾದ್ದರಿಂದ ಅಷ್ಟರಲ್ಲಿ 182 ಅಕ್ಷರ ಹಿಡಿಯುತ್ತವೆ. ಕನ್ನಡವನ್ನು ಸಾಮಾನ್ಯವಾಗಿ ಹದಿನಾರು ಬಿಟ್‌ಗಳ ಸಂಕೇತದಲ್ಲಿ ಕಳುಹಿಸುವುದರಿಂದ ಸ್ಥಾನಗಳು 80ಕ್ಕೆ ಇಳಿಯುತ್ತವೆ, ಅದರಲ್ಲೂ ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಬೇರೆಯಾಗಿಯೇ ಜಾಗ ಕೇಳುತ್ತವೆ. ‘ಮೊತ್ತ’ ಎಂಬುದು ಕಣ್ಣಿಗೆ ಎರಡಕ್ಷರವಾದರೂ ಮ, ೊ, ತ, ್, ತ ಎಂದು ಐದು ಸ್ಥಾನ ನುಂಗುತ್ತದೆ. ಕನ್ನಡದ ಪಟ್ಟಿಗಳು ಮೊಟಕಾಗಿ, ಕೆಲವೊಮ್ಮೆ ಒರಟಾಗಿ ಕಾಣಲು ಇದೂ ಒಂದು ಕಾರಣ.

ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಖ್ಯೆಯಿಂದಲೇ ಕರೆ ಮಾಡಬೇಕು. ಮೊದಲ ಸಲ ಬ್ಯಾಂಕನ್ನೂ ಖಾತೆಯನ್ನೂ ಆರಿಸಿ, ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕೆ ಮತ್ತು ಅವಧಿ ಮುಗಿಯುವ ತಿಂಗಳು–ವರ್ಷ ಕೊಟ್ಟು ಯುಪಿಐ ಪಿನ್ ಹೊಂದಿಸಿಕೊಳ್ಳಬೇಕು. ಆಮೇಲೆ ಶಿಲ್ಕು ನೋಡಲು ಇಷ್ಟು ಒತ್ತಿ ಪಿನ್ ಕೊಟ್ಟರೆ ಸಾಕು:

```
*99*3#
```

ಹಣ ಕಳುಹಿಸಲು *99# ಒತ್ತಿ, 1 ಆರಿಸಿ, ಪಡೆಯುವವರ ಮೊಬೈಲ್ ಸಂಖ್ಯೆ ಕೊಟ್ಟಾಗ ಅವರ ಹೆಸರು ತೆರೆಗೆ ಬರುತ್ತದೆ. ತಪ್ಪು ಅಂಕೆ ಒತ್ತಿದ್ದನ್ನು ಪತ್ತೆಹಚ್ಚಲು ಇದೇ ತಕ್ಕ ಜಾಗ. ಇದನ್ನು ಓದದೆ ಮುಂದುವರಿಯಬಾರದು. ಮೊತ್ತ ಮತ್ತು ಪಿನ್ ಅದರ ನಂತರ. ಒಂದು ವಹಿವಾಟಿನ ಮಿತಿ ₹5,000. 2022ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಮೊಬೈಲ್ ಬ್ಯಾಂಕಿಂಗಿನ ಯುಎಸ್‌ಎಸ್‌ಡಿ ಶುಲ್ಕವನ್ನು ತೆಗೆದುಹಾಕಿತು.

ಖಾತೆಯಲ್ಲಿ ₹2,000 ಇದ್ದು, ₹500 ಕಳುಹಿಸಲು ಪಿನ್ ಒತ್ತಿದ ಮರುಕ್ಷಣವೇ ತೆರೆ ಮಾಯವಾಯಿತೆನ್ನೋಣ. ಹಣ ಹೋಗಿಲ್ಲವೆಂದು ಬಗೆದು ಇನ್ನೊಮ್ಮೆ ಕಳುಹಿಸುವುದೇ ಹೆಚ್ಚು ಅಪಾಯದ ಕೆಲಸ, ಏಕೆಂದರೆ ಕಡಿದದ್ದು ಉತ್ತರ ಬರುವ ಹಾದಿಯೇ ಹೊರತು ಆದೇಶವಲ್ಲದಿರಬಹುದು. ಕೆಲವು ನಿಮಿಷ ಬಿಟ್ಟು ಶಿಲ್ಕು ನೋಡಬೇಕು. ₹1,500 ಕಂಡರೆ ಹಣ ಖಾತೆಯಿಂದ ಕಡಿತವಾಗಿದೆ. ಪಡೆಯುವವರಿಗೆ ತಲುಪಿತೇ ಎಂಬುದನ್ನು ಅವರಿಂದಲೇ ಕೇಳಿ ತಿಳಿಯಬೇಕು. ₹2,000 ಹಾಗೆಯೇ ಇದ್ದು ಬ್ಯಾಂಕಿನ ಎಸ್‌ಎಂಎಸ್ ಕೂಡ ಬಂದಿರದಿದ್ದರೆ ಮಾತ್ರ ಮತ್ತೆ ಕಳುಹಿಸುವ ಯೋಚನೆ ಮಾಡಬಹುದು.

ಇನ್ನೊಂದು ಮಿತಿಯಿದೆ. ಯುಎಸ್‌ಎಸ್‌ಡಿ ತೆರೆಗೆ ಅಂಕೆಗಳನ್ನು ಚುಕ್ಕಿಗಳಾಗಿ ಮರೆಮಾಡುವ ಅನುಕೂಲವಿಲ್ಲದ್ದರಿಂದ, ಪಿನ್ ಒತ್ತುವಾಗ ಅದು ಪಕ್ಕದಲ್ಲಿ ನಿಂತವರಿಗೂ ನಿಚ್ಚಳವಾಗಿ ಕಾಣುತ್ತದೆ.